ಒಲ್ಲೆ ಎನ್ನುವಾಗಿನ ಸಮ್ಯಕ್ ವಾಕ್



ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಹೋದ ಭಾನುವಾರ ನಮ್ಮ ಅಧ್ಯಯನ ವೃತ್ತದಲ್ಲಿ ನಾಲ್ಕನೆಯ ಶೀಲದ ಬಗ್ಗೆ ಮಾತಾಡುವಾಗ ತಂಗಿಯೊಬ್ಬಳು ಕೇಳಿದಳು: "ಅಕ್ಕಾ, ದೊಡ್ಡ ಸುಳ್ಳು ನಾನು ಹೇಳಲ್ಲ. ಆದರೆ ಯಾರಾದರೂ ಕೆಲಸ ಕೊಡ್ತೀನಿ ಅಂತ ಬಂದಾಗ ಬೇಡ ಅನ್ನೋಕೆ ಬಾಯಿ ಬರಲ್ಲ. ಏನೋ ಒಂದು ನೆಪ ಹೇಳಿಬಿಡ್ತೀನಿ. ಅದೂ ಮುಸಾವಾದವೇನಾ?" ಅವಳು ಮನೆಯಲ್ಲೇ ಕೂತು ಡಿಸೈನ್ ಕೆಲಸ ಮಾಡುತ್ತಾಳೆ. ನಮ್ಮಲ್ಲಿ ಈಗ ಇಂಥವರು ಬಹಳ ಮಂದಿ. ಟೈಪಿಂಗ್, ಅನುವಾದ, ಟ್ಯೂಷನ್, ಅಕೌಂಟ್ಸ್, ವಿಡಿಯೋ ಎಡಿಟಿಂಗ್ ಎಂದು ಬಿಡಿ ಕೆಲಸ ಹಿಡಿದು ಸಂಸಾರಕ್ಕೆ ನಾಲ್ಕು ಕಾಸು ಸೇರಿಸುವವರು. ಅವತ್ತು ಅವಳಿಗೆ ನಾನು ಅರ್ಧ ಉತ್ತರ ಕೊಟ್ಟೆ. ಉಳಿದರ್ಧವನ್ನು ಈಗ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಸಂಜೆ ಬಿಡುವಾದಾಗ ಓದಿ.

ನಿಮಗೆಲ್ಲ ಗೊತ್ತಿರುವಂತೆ ನಾನು ಸೋಲದೇವನಹಳ್ಳಿಯ ಹತ್ತಿರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಟೀಚರ್. ಕನ್ನಡ ಎಂ.ಎ. ಮಾಡಿದ ತಪ್ಪಿಗೆ ಯಾರು ಪುಸ್ತಕ ಬರೆದರೂ ಕರಡು ತಿದ್ದಲು ನನ್ನ ಕಡೆ ಬರುತ್ತದೆ. ಆಡಳಿತ ಮಂಡಳಿಗೆ ತಿಳಿಸಿಯೇ ಈ ಕೆಲಸ ಮಾಡುತ್ತೇನೆ. ಮಾಮೂಲಿ ಕರಡು ತಿದ್ದಲು ನಾನು ತೆಗೆದುಕೊಳ್ಳುವುದು ಪುಟಕ್ಕೆ 25 ರೂಪಾಯಿ.

ಈ ವರ್ಷ ಮಾರ್ಚ್ ಮೊದಲ ವಾರದಲ್ಲಿ ಹಿರಿಯರೊಬ್ಬರು ಫೋನ್ ಮಾಡಿದರು. ನಿವೃತ್ತ ಅಧಿಕಾರಿ, ನಮ್ಮ ಸಮುದಾಯದವರೇ, ನನಗೆ ತಂದೆಯ ವಯಸ್ಸು. ಬೌದ್ಧ ಇತಿಹಾಸದ ಒಂದು ಇಂಗ್ಲಿಷ್ ಪುಸ್ತಕವನ್ನು ಕನ್ನಡಕ್ಕೆ ತಂದಿದ್ದಾರೆ. "320 ಪುಟ ಇದೆ ಮೇಡಂ. ಬರೀ ಪ್ರೂಫ್ ನೋಡೋದು ಅಷ್ಟೇ. ನಿಮ್ಮ ರೇಟೇ ಕೊಡ್ತೀನಿ. ಏಪ್ರಿಲ್ 14ಕ್ಕೆ ಬಿಡುಗಡೆ, 5ನೇ ತಾರೀಖು ಫೈಲ್ ಪ್ರೆಸ್‌ಗೆ ಹೋಗಬೇಕು." ಒಟ್ಟು 8,000 ರೂಪಾಯಿ. ಮಗಳ ಪಿಯು ಅಡ್ಮಿಷನ್ ಹತ್ತಿರವಿತ್ತು. ಹೂಂ ಅನ್ನಲು ಬಾಯಿ ತೆರೆದೇ ಇದ್ದೆ. ಆದರೂ "ಫೈಲ್ ಕಳಿಸಿ ಸರ್, ಮೂರು ದಿನದಲ್ಲಿ ಹೇಳ್ತೀನಿ" ಎಂದೆ.

ಈ ಮೂರು ದಿನದ ಬುದ್ಧಿ ನನಗೆ ಸುಮ್ಮನೆ ಬಂದದ್ದಲ್ಲ. ಮೂರು ವರ್ಷದ ಹಿಂದೆ ಇನ್ನೊಬ್ಬರು ಒಂದು ಸ್ಮರಣ ಸಂಚಿಕೆಯ ಕೆಲಸ ತಂದಿದ್ದರು. ಅವರು ಹೇಳಿದ ದುಡ್ಡು ತೀರಾ ಕಡಿಮೆ. ಅದನ್ನು ಹೇಳಲು ಸಂಕೋಚವಾಗಿ "ಮಗಳಿಗೆ ಹುಷಾರಿಲ್ಲ, ಈ ತಿಂಗಳು ಆಗಲ್ಲ" ಎಂದೆ. ಅವರು ಒಳ್ಳೆಯ ಮನುಷ್ಯ. "ಅಯ್ಯೋ, ಮಗು ನೋಡ್ಕೊಳ್ಳಿ, ನಾವು ಮುಂದಿನ ತಿಂಗಳು ಮಾಡೋಣ" ಎಂದು ತಮ್ಮ ಕಾರ್ಯಕ್ರಮವನ್ನೇ ಮುಂದೂಡಿದರು. ಮುಂದಿನ ತಿಂಗಳು ನನ್ನ ಹತ್ತಿರ ನೆಪ ಉಳಿದಿರಲಿಲ್ಲ. ಅದೇ ಕಡಿಮೆ ದುಡ್ಡಿಗೆ ಒಪ್ಪಿ, ಗೊಣಗುತ್ತಾ, ರಾತ್ರಿ ನಿದ್ದೆಗಣ್ಣಿನಲ್ಲಿ ತಿದ್ದಿ ಕೊಟ್ಟೆ. ಪುಸ್ತಕ ಬಂದಾಗ ಒಬ್ಬ ಹಿರಿಯ ಹೋರಾಟಗಾರರ ಹೆಸರೇ ಎರಡು ಕಡೆ ಎರಡು ರೀತಿ ಅಚ್ಚಾಗಿತ್ತು. ಅವರ ಸಮಸ್ಯೆ ದುಡ್ಡಿನದು ಎಂದು ನಾನು ಹೇಳಲೇ ಇಲ್ಲ. ಸಮಯದ್ದು ಎಂದೆ. ಅವರು ಪಾಪ ಸಮಯವನ್ನೇ ಸರಿಮಾಡಿ ತಂದರು. ಸುಳ್ಳು ಕಾರಣ ಕೊಟ್ಟರೆ ಎದುರಿನವರು ಆ ಸುಳ್ಳು ಕಾರಣವನ್ನೇ ಪರಿಹರಿಸಿಕೊಂಡು ವಾಪಸ್ ಬರುತ್ತಾರೆ. ಆಮೇಲೆ ಇನ್ನೊಂದು ಸುಳ್ಳು ಹುಟ್ಟಬೇಕು, ಇಲ್ಲವೇ ಮನಸ್ಸಿಲ್ಲದ ಕೆಲಸಕ್ಕೆ ಕೂರಬೇಕು. ತಂಗಿಗೆ ಅವತ್ತು ನಾನು ಹೇಳಿದ ಅರ್ಧ ಉತ್ತರ ಇದು.

ಈಗ ಆ 320 ಪುಟದ ಫೈಲಿಗೆ ಬರೋಣ.

ಯಾವ ಬಿಡಿ ಕೆಲಸವನ್ನೇ ಆಗಲಿ ನೋಡದೆ ಒಪ್ಪಬಾರದು, ನೋಡದೆ ಬೇಡ ಎನ್ನಲೂಬಾರದು. ನೋಡುವುದು ಎಂದರೆ ಮೊದಲ ಎರಡು ಪುಟ ತಿರುಗಿಸುವುದಲ್ಲ. ಎಲ್ಲರ ಬರಹದಲ್ಲೂ ಮೊದಲ ಪುಟಗಳು ಅಚ್ಚುಕಟ್ಟಾಗಿರುತ್ತವೆ, ಬರೆದವರು ಅವನ್ನೇ ಹತ್ತು ಸಲ ಓದಿರುತ್ತಾರೆ. ಹಾಗಾಗಿ ಶುರುವಿನಿಂದ ಎರಡು, ನಡುವಿನಿಂದ ಎರಡು, ಕೊನೆಯಿಂದ ಎರಡು, ಹೀಗೆ ಆರು ಪುಟ ತೆಗೆದುಕೊಂಡೆ. ಗಡಿಯಾರ ಎದುರಿಗಿಟ್ಟುಕೊಂಡು, ನಿಜವಾಗಿ ಕೆಲಸ ಒಪ್ಪಿಕೊಂಡವಳ ಹಾಗೆಯೇ ತಿದ್ದಿದೆ. ಮೊದಲ ಎರಡು ಪುಟಕ್ಕೆ ತಲಾ 12 ನಿಮಿಷ ಹಿಡಿಯಿತು. ನಡುವಿನವಕ್ಕೆ 28 ಮತ್ತು 30. ಕೊನೆಯವಕ್ಕೆ 33 ಮತ್ತು 35. ಒಟ್ಟು 150 ನಿಮಿಷ, ಅಂದರೆ ಸರಾಸರಿ ಪುಟಕ್ಕೆ 25 ನಿಮಿಷ. ಮಾಮೂಲಿ ಕರಡಿಗೆ ನನಗೆ ಬೇಕಾಗುವುದು 10 ನಿಮಿಷ.

ಯಾಕೆ ಇಷ್ಟು ಹೆಚ್ಚಾಯಿತು? ಎರಡು ಕಾರಣ ಇತ್ತು. ಒಂದು, ಅದನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿ ಆಮೇಲೆ ಯುನಿಕೋಡಿಗೆ ಬದಲಿಸಿದ್ದರು. ಹಾಗೆ ಬದಲಿಸುವಾಗ ಅರ್ಕಾವತ್ತು ಕೆಡುವುದುಂಟು. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಕೂರಿಸುತ್ತಿದ್ದರು, ಯುನಿಕೋಡಿನಲ್ಲಿ ಆ ರಕಾರ ಮೊದಲೇ ಬರಬೇಕು. ಬದಲಾವಣೆ ಸರಿಯಾಗಿ ಆಗದಿದ್ದರೆ "ಧರ್ಮ" ಹೋಗಿ "ಧಮರ್" ಆಗುತ್ತದೆ, "ಕರ್ಮ" ಹೋಗಿ "ಕಮರ್" ಆಗುತ್ತದೆ. ಬೌದ್ಧ ಪುಸ್ತಕದಲ್ಲಿ ಈ ಪದಗಳು ಎಷ್ಟು ಸಲ ಬರುತ್ತವೆ ಎಂದು ನಿಮಗೆ ಹೇಳಬೇಕಿಲ್ಲ. ಆದರೂ ಇದು ಸುಲಭದ ಕಾಯಿಲೆ, ಕಂಪ್ಯೂಟರಿನಲ್ಲಿ ಒಂದೊಂದೇ ಪದ ಹುಡುಕಿ ಒಟ್ಟಿಗೆ ಬದಲಿಸಬಹುದು.

ಎರಡನೆಯದು ಹಾಗಲ್ಲ. ನಡುವಿನ ಪುಟದಲ್ಲಿ ಒಬ್ಬ ಭಿಕ್ಷುಣಿ "ಆಜ್ಞೆಯನ್ನು ಸೇರಿದಳು" ಎಂದಿತ್ತು. ಮೂರು ಸಲ ಓದಿದೆ. ಮೂಲದಲ್ಲಿ 'ಆರ್ಡರ್' ಎಂದಿರಬೇಕು. ಅಲ್ಲಿ ಅದಕ್ಕೆ ಸಂಘ ಎಂಬ ಅರ್ಥ. ಇನ್ನೊಂದು ಕಡೆ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಲಘು ಶಿಲಾಶಾಸನವನ್ನು "ಅಪ್ರಾಪ್ತ ಶಿಲಾಶಾಸನ" ಎಂದು ಬರೆದಿದ್ದರು. 'ಮೈನರ್' ಎಂಬ ಪದಕ್ಕೆ ನಿಘಂಟಿನ ಮೊದಲ ಅರ್ಥ ಹಿಡಿದಿದ್ದರು! ನಗು ಬಂತು, ಆಮೇಲೆ ಭಯವೂ ಆಯಿತು. ಇಂಥವು ಕಾಗುಣಿತದ ತಪ್ಪಲ್ಲ. ಕನ್ನಡ ವಾಕ್ಯ ಸರಿಯಾಗಿಯೇ ಕಾಣುತ್ತದೆ, ಅರ್ಥ ಮಾತ್ರ ತಪ್ಪಿರುತ್ತದೆ. ಇಂಗ್ಲಿಷ್ ಪುಸ್ತಕ ಪಕ್ಕಕ್ಕಿಟ್ಟುಕೊಂಡು ಸಾಲು ಸಾಲು ಹೋಲಿಸದೆ ಸಿಕ್ಕುವುದಿಲ್ಲ. ಅದರ ಹೆಸರು ಪ್ರೂಫ್ ನೋಡುವುದಲ್ಲ, ಅನುವಾದ ಪರಿಷ್ಕರಣೆ. ಬಟ್ಟೆಗೆ ಇಸ್ತ್ರಿ ಹಾಕಿ ಎಂದು ಕೊಟ್ಟವರ ಗಂಟು ಬಿಚ್ಚಿದರೆ ಹೊಲಿಗೆಯೇ ಬಿಟ್ಟುಹೋಗಿದ್ದ ಹಾಗೆ.

ಲೆಕ್ಕ ಹಾಕಿದೆ. 320 ಪುಟಕ್ಕೆ ಪುಟಕ್ಕೆ 25 ನಿಮಿಷದಂತೆ 8,000 ನಿಮಿಷ. ಕೊಡುವ ದುಡ್ಡು 8,000 ರೂಪಾಯಿ. ನಿಮಿಷಕ್ಕೆ ಸರಿಯಾಗಿ ಒಂದು ರೂಪಾಯಿ, ಗಂಟೆಗೆ 60. ಮಾಮೂಲಿ ಕರಡಿನಲ್ಲಿ ಗಂಟೆಗೆ ಆರು ಪುಟವಾಗಿ ನನಗೆ 150 ಬೀಳುತ್ತದೆ. ಇಲ್ಲಿ ಗಮನಿಸಿ, ಅವರು ನನ್ನ ದರವನ್ನು ಒಂದು ಪೈಸೆಯೂ ಚೌಕಾಸಿ ಮಾಡಿರಲಿಲ್ಲ. ನನ್ನದೇ ದರ ಕೊಡುತ್ತೇನೆಂದಿದ್ದರು. ಕೆಲಸದ ಹೆಸರು ಬೇರೆಯಾದದ್ದರಿಂದ ದರವೂ ಕುಸಿದಿತ್ತು. ನನ್ನ ಗಂಟೆಯ ಲೆಕ್ಕದಲ್ಲೇ ನೋಡಿದರೆ ಈ ಕೆಲಸಕ್ಕೆ 20,000 ಆಗಬೇಕು.

ಇನ್ನು ಸಮಯ. 8,000 ನಿಮಿಷ ಎಂದರೆ 133 ಗಂಟೆ. ಶಾಲೆ, ಅಡುಗೆ, ನೋಟ್ಸ್ ತಿದ್ದುವುದು ಎಲ್ಲ ಮುಗಿದ ಮೇಲೆ ನನಗೆ ಸಿಗುವುದು ವಾರದ ದಿನ ರಾತ್ರಿ ಒಂದೊಂದು ಗಂಟೆ, ಭಾನುವಾರ ಐದು ಗಂಟೆ. ವಾರಕ್ಕೆ ಹತ್ತು. ಪ್ರೆಸ್‌ಗೆ ಹೋಗಲು ಐದು ವಾರವಿತ್ತು, ಅಂದರೆ 50 ಗಂಟೆ. ಅದೂ ಎಸ್‌ಎಸ್‌ಎಲ್‌ಸಿ ಮಕ್ಕಳ ಪರೀಕ್ಷೆಯ ಹೊತ್ತು. ಬೇಕಾದದ್ದು ಹದಿಮೂರು ವಾರಕ್ಕೂ ಹೆಚ್ಚು.

ಕೆಲಸದ ವ್ಯಾಪ್ತಿ, ದುಡ್ಡು, ಸಮಯ ಮೂರೂ ಹೊಂದುತ್ತಿರಲಿಲ್ಲ. ಬೇಡ ಎನ್ನಬೇಕೆಂದು ತಿಳಿಯಿತು. ಹೇಗೆ ಹೇಳುವುದು ಎಂದು ಯೋಚಿಸುವಾಗ ನನಗೆ ನೆನಪಾದದ್ದು ಬಾಬಾಸಾಹೇಬರ ಒಂದು ಪತ್ರ.

'ಜಾತಿ ವಿನಾಶ'ದ ಕಥೆ ನಮಗೆಲ್ಲ ಗೊತ್ತು. ಆದರೆ ಅದರ ಮೊದಲಲ್ಲಿ ಅಚ್ಚಾಗಿರುವ ಪತ್ರಗಳನ್ನು ನಾವು ದಾಟಿಸಿ ಓದುತ್ತೇವೆ. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದ ಸಂತ ರಾಮ್ ಅವರು ಬರೆದು, 1935ರ ಡಿಸೆಂಬರ್ 12ರಂದು ಬಾಬಾಸಾಹೇಬರ ಕೈಸೇರಿದ ಪತ್ರ ಅಲ್ಲಿದೆ. ಜಾತಿಗೆ ಆಧಾರವಾದ ಧಾರ್ಮಿಕ ಭಾವನೆಗಳು ಹೋಗದೆ ಜಾತಿ ಹೋಗದು ಎಂಬ ನಿಮ್ಮ ವಿಚಾರವನ್ನು ವಿಸ್ತರಿಸಿ ಹೇಳಿ ಎಂದು ಮಂಡಲವೇ ಕೇಳಿಕೊಂಡಿತ್ತು. ಅಧ್ಯಕ್ಷತೆಗೆ ಮೊದಲು ಹಿಂಜರಿದ ಬಾಬಾಸಾಹೇಬರು ಕೊನೆಗೆ ಒಪ್ಪಿ ಭಾಷಣ ಬರೆದರು. ಮುಂದೆ 1936ರ ಏಪ್ರಿಲ್ 14ರಂದು ಮಂಡಲದ ಹರ ಭಗವಾನ್ ಪತ್ರ ಬರೆದು, ವೇದಶಾಸ್ತ್ರಗಳ ಕುರಿತ ಭಾಗ ವಿಷಯಕ್ಕೆ ಸಂಬಂಧಿಸಿಲ್ಲ, ಅದನ್ನು ಕೈಬಿಡಿ ಎಂದರು. ಆ ದಿನ ಬಾಬಾಸಾಹೇಬರ ಹುಟ್ಟುಹಬ್ಬವಾಗಿತ್ತು ಎಂಬುದನ್ನು ನಾನು ಯಾವಾಗಲೂ ಗಮನಿಸುತ್ತೇನೆ.

ಏಪ್ರಿಲ್ 27ರಂದು ಅವರು ಕೊಟ್ಟ ಉತ್ತರವನ್ನು ನಾನು ಒಬ್ಬ ಟೀಚರ್ ಆಗಿ, ಪತ್ರಲೇಖನದ ಪಾಠವಾಗಿ ಓದುತ್ತೇನೆ. ಅದರಲ್ಲಿ ಆರೋಗ್ಯದ ಮಾತು ಇದೆ. ಮೈಗೆ ಆಗದ ಹೊತ್ತಿನಲ್ಲಿ ಇಷ್ಟು ದುಡಿಯಬೇಕಾಯಿತಲ್ಲ ಎಂದು ವಿಷಾದಿಸುತ್ತಾರೆ. ಬೇರೆಯವರಾಗಿದ್ದರೆ ಅದನ್ನೇ ಹಿಡಿದು "ಹುಷಾರಿಲ್ಲ, ಬರಲಾಗದು" ಎಂದು ನಯವಾಗಿ ತಪ್ಪಿಸಿಕೊಳ್ಳಬಹುದಿತ್ತು. ನಿಜವೇ ಆದ ನೆಪ ಕೈಯಲ್ಲಿತ್ತು. ಅವರು ಅದನ್ನು ಕಾರಣವಾಗಿ ಬಳಸಲಿಲ್ಲ. ಕಾರಣ ಇದು ಎಂದು ನೇರವಾಗಿ ಹೇಳಿದರು: ಭಾಷಣದ ಒಂದು ಅಲ್ಪವಿರಾಮವನ್ನೂ ಬದಲಿಸಲಾರೆ. ಸಂಬಂಧವಿಲ್ಲ ಎಂಬ ಆಕ್ಷೇಪಕ್ಕೆ, ತಾನು ವಕೀಲ, ವಿಷಯಕ್ಕೆ ಯಾವುದು ಸಂಬಂಧಿಸಿದ್ದು ಎಂಬುದು ನಿಮ್ಮ ಸಮಿತಿಯ ಯಾರಿಗೂ ಕಡಿಮೆಯಿಲ್ಲದಷ್ಟು ತನಗೂ ಗೊತ್ತು ಎಂದರು. ಕೊನೆಗೆ, ಈಗ ನೀವು ಭಾಷಣವನ್ನು ಇಡಿಯಾಗಿ ಒಪ್ಪಿದರೂ ನಾನು ಅಧ್ಯಕ್ಷತೆ ವಹಿಸುವುದಿಲ್ಲ ಎಂದು ಬರೆದರು. ಆಮೇಲೆ ತಮ್ಮ ಖರ್ಚಿನಲ್ಲೇ 1,500 ಪ್ರತಿ ಅಚ್ಚು ಮಾಡಿಸಿದರು, ಎರಡು ತಿಂಗಳಲ್ಲಿ ಅಷ್ಟೂ ಮುಗಿದವು.

ಅವರದು ತತ್ವದ ಪ್ರಶ್ನೆ, ನಮ್ಮದು ಪುಟಕ್ಕೆ ಇಪ್ಪತ್ತೈದು ರೂಪಾಯಿಯ ವ್ಯವಹಾರ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವಷ್ಟು ಅವಿವೇಕಿ ನಾನಲ್ಲ. ಆದರೆ ಆ ಕೊನೆಯ ವಾಕ್ಯ ನನಗೆ ಒಂದು ವ್ಯತ್ಯಾಸ ತೋರಿಸಿಕೊಟ್ಟಿತು. 'ಬೇಡ'ದಲ್ಲಿ ಎರಡು ಬಗೆ ಇದೆ. ಒಂದು, ಷರತ್ತು ಬದಲಾದರೂ ಬೇಡ. ಇನ್ನೊಂದು, ಷರತ್ತು ಬದಲಾದರೆ ಬೇಕು. ನಮ್ಮದು ಯಾವುದು ಎಂದು ಕೇಳುವವರಿಗೆ ತಿಳಿಯಬೇಕು. ಬಾಬಾಸಾಹೇಬರು ಬಾಗಿಲು ಮುಚ್ಚಿದ್ದೇನೆ ಎಂದು ಹೇಳಿಯೇ ಮುಚ್ಚಿದರು, ಮಂಡಲದವರು ಇನ್ನೊಂದು ಸಂಧಾನಕ್ಕೆ ಕಾಲ ಕಳೆಯಬೇಕಾಗಲಿಲ್ಲ. ನನ್ನದು ಎರಡನೆಯ ಬಗೆ. ಆ ಪುಸ್ತಕದ ಮೇಲೆ ನನಗೆ ಪ್ರೀತಿಯೇ ಇತ್ತು, ಲೆಕ್ಕ ಮಾತ್ರ ಕೂಡಿ ಬರುತ್ತಿರಲಿಲ್ಲ. ಹಾಗಿದ್ದರೆ ಯಾವ ಲೆಕ್ಕಕ್ಕೆ ಕೂಡುತ್ತದೆ ಎಂದು ಹೇಳುವುದು ನನ್ನ ಕರ್ತವ್ಯ. ಮನಸ್ಸಿನಲ್ಲಿ ಎಷ್ಟಕ್ಕೂ ಬೇಡ ಎಂದಿರುವಾಗ, ಅವರೇ ಓಡಿಹೋಗಲಿ ಎಂದು ಆಗದ ದೊಡ್ಡ ಮೊತ್ತ ಹೇಳುವವರಿದ್ದಾರೆ. ಅದೂ ಸುಳ್ಳೇ. ಅವರು "ಆಯ್ತು ಕೊಡ್ತೀನಿ" ಎಂದುಬಿಟ್ಟರೆ ಏನು ಮಾಡುವುದು?

ಅಂಗುತ್ತರ ನಿಕಾಯದಲ್ಲಿ ಭಗವಾನ್ ಬುದ್ಧರು ಒಳ್ಳೆಯ ಮಾತಿಗೆ ಐದು ಲಕ್ಷಣ ಹೇಳಿದ್ದಾರೆ: ಅದು ಸಕಾಲದಲ್ಲಿರಬೇಕು, ಸತ್ಯವಾಗಿರಬೇಕು, ಮೃದುವಾಗಿರಬೇಕು, ಪ್ರಯೋಜನಕ್ಕೆ ಬರಬೇಕು, ಮೈತ್ರಿಯಿಂದ ಆಡಿರಬೇಕು. ಸತ್ಯದ ಬಗ್ಗೆ ನಾವು ಬಹಳ ಮಾತಾಡುತ್ತೇವೆ, ಸಕಾಲವನ್ನು ಮರೆಯುತ್ತೇವೆ. ಬೇಡ ಎನ್ನಲು ಸಂಕೋಚಪಟ್ಟು ಹದಿನೈದು ದಿನ ಫೋನ್ ಎತ್ತದೆ ಕೂತರೆ, ಆಮೇಲೆ ಹೇಳಿದ ಸತ್ಯದಿಂದ ಆ ಮನುಷ್ಯನಿಗೆ ಏನು ಉಪಯೋಗ? ಬೇರೆಯವರನ್ನು ಹುಡುಕಿಕೊಳ್ಳುವ ಹೊತ್ತು ಮೀರಿರುತ್ತದೆ. ಹಾಗಾಗಿ ಮೂರನೆಯ ದಿನ ಸಂಜೆಯೇ ಬರೆದೆ. ಬರೆದದ್ದನ್ನು ಹಾಗೇ ಹಾಕುತ್ತೇನೆ:

"ಸರ್, ಜೈ ಭೀಮ್. ನಿಮ್ಮ ಪುಸ್ತಕದ ಆರು ಪುಟ ತಿದ್ದಿ ನೋಡಿದೆ, ಇದರ ಜೊತೆ ಕಳಿಸಿದ್ದೇನೆ. ಇದು ಪ್ರೂಫ್‌ನಲ್ಲಿ ಮುಗಿಯುವ ಕೆಲಸವಲ್ಲ, ಮೂಲದ ಜೊತೆ ಹೋಲಿಸಿ ಅನುವಾದವನ್ನೇ ತಿದ್ದಬೇಕಾಗಿದೆ. ಪುಟಕ್ಕೆ 25 ನಿಮಿಷ ಹಿಡಿಯುತ್ತಿದೆ. ನೀವು ಹೇಳಿದ ಐದು ವಾರದಲ್ಲಿ ನನ್ನಿಂದ ಆಗುವುದು 120 ಪುಟ ಮಾತ್ರ. 8,000ಕ್ಕೆ ಅಷ್ಟು ಗಂಟೆ ಕೊಡುವ ಅನುಕೂಲವೂ ನನಗಿಲ್ಲ. ಆದ್ದರಿಂದ ಏಪ್ರಿಲ್ 14ರ ಬಿಡುಗಡೆಗೆ ನಾನು ಒಪ್ಪಿಕೊಳ್ಳಲಾರೆ. ಬಿಡುಗಡೆಯನ್ನು ಅಕ್ಟೋಬರ್ 14ರ ದೀಕ್ಷಾ ದಿನಕ್ಕೆ ಇಟ್ಟುಕೊಂಡರೆ, 20,000 ರೂಪಾಯಿಗೆ ಸಂತೋಷದಿಂದ ಮಾಡುತ್ತೇನೆ. ಏಪ್ರಿಲ್‌ಗೇ ಬೇಕಾದರೆ ದಯವಿಟ್ಟು ಇವತ್ತೇ ಬೇರೆಯವರನ್ನು ನೋಡಿ. ಆರು ಪುಟಕ್ಕೆ ದುಡ್ಡು ಬೇಡ. ಜೊತೆಗೆ ಫಾಂಟ್ ಬದಲಿಸುವಾಗ ಕೆಟ್ಟಿರುವ ಪದಗಳ ಪಟ್ಟಿ ಇದೆ, ಡಿಟಿಪಿಯವರಿಗೆ ಕೊಟ್ಟರೆ ಒಂದು ಗಂಟೆಯಲ್ಲಿ ಸರಿಮಾಡುತ್ತಾರೆ."

ಕೆಲಸದ ವ್ಯಾಪ್ತಿಯನ್ನು ಮೊದಲು ಹೇಳಿದೆ, ಯಾಕೆಂದರೆ ದುಡ್ಡು, ಸಮಯ ಎರಡೂ ಅದರಿಂದಲೇ ಹುಟ್ಟಿದವು. ದುಡ್ಡಿನ ವಾಕ್ಯವನ್ನು ಎರಡು ಸಲ ಅಳಿಸಿ ಮತ್ತೆ ಬರೆದೆ. ಅದನ್ನು ಬಿಟ್ಟಿದ್ದರೆ ಉಳಿದದ್ದೆಲ್ಲ ನಿಜವಾಗಿದ್ದೂ ಒಟ್ಟು ಮೆಸೇಜು ಸುಳ್ಳಾಗುತ್ತಿತ್ತು.

ಹತ್ತು ನಿಮಿಷಕ್ಕೆ ಫೋನ್ ಬಂತು. ಅವರಿಗೆ ನೋವಾಗಿತ್ತು. "ಧಮ್ಮದ ಕೆಲಸಕ್ಕೂ ಗಂಟೆ ಲೆಕ್ಕವೇನಮ್ಮಾ?" ಎಂದರು. ಮೇಡಂ ಹೋಗಿ ಅಮ್ಮ ಆಗಿದ್ದೆ.

ನಮ್ಮ ಬಂಧುಗಳಲ್ಲಿ ಬಹಳ ಜನ ಸೋಲುವುದು ಈ ಮಾತಿಗೇ. ನಾನೂ ಒಂದು ಕ್ಷಣ ಸುಮ್ಮನಾದೆ. ಆಮೇಲೆ ಕೇಳಿದೆ: "ಸರ್, ಪೇಪರ್ ಅಂಗಡಿಯವರು, ಪ್ರೆಸ್‌ನವರು, ಬೈಂಡರ್, ಡಿಟಿಪಿ ಹುಡುಗ, ಇವರಿಗೆಲ್ಲ ಕೊಡ್ತಿದ್ದೀರಲ್ಲ?" "ಅವರಿಗೆ ಕೊಡಲೇಬೇಕಲ್ಲಮ್ಮ." "ನನಗೂ ಹಾಗೇ ಸರ್. ದಾನ ಮಾಡೋದಾದ್ರೆ ಇದು ದಾನ ಅಂತ ಹೇಳಿ ಪೂರ್ತಿ ಕೊಡ್ತೀನಿ, ಆರು ಪುಟ ಕೊಟ್ಟ ಹಾಗೆ. ಕೂಲಿಗೆ ಒಪ್ಪಿಕೊಂಡು ಅರ್ಧ ಕೂಲಿ ತಗೊಂಡು, ಉಳಿದರ್ಧ ದಾನ ಅಂತ ಮನಸ್ಸಲ್ಲಿ ಗೊಣಗಿದ್ರೆ ಅದು ಎರಡೂ ಅಲ್ಲ." ಬಿಟ್ಟಿ ಚಾಕರಿ ಮಾಡಿದ ತಾತಂದಿರ ಮೊಮ್ಮಗಳು ನಾನು, ಅವರೂ ಅಂಥವರ ಮಗನೇ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ಸತ್ಯವಾಗಿರುತ್ತಿತ್ತು, ಮೃದುವಾಗಿರುತ್ತಿರಲಿಲ್ಲ. "ನೋಡೋಣ ಬಿಡಿ" ಎಂದು ಫೋನ್ ಇಟ್ಟರು.

ಆ 8,000 ನನಗೆ ಬರಲಿಲ್ಲ. ಮಗಳ ಅಡ್ಮಿಷನ್‌ಗೆ ಚೀಟಿ ಎತ್ತಬೇಕಾಯಿತು, ತಿಂಗಳು ತಿಂಗಳು ಅದರ ಕಂತು ಕಟ್ಟುತ್ತಿದ್ದೇನೆ. ನಮ್ಮನೆಯವರು "ಅಷ್ಟು ಕಟ್ಟುನಿಟ್ಟಾಗಿ ಹೇಳಬೇಕಿತ್ತಾ?" ಎಂದು ಒಂದು ಸಲ ಕೇಳಿದರು. ಹೌದೋ ಅಲ್ಲವೋ, ಆ ದಿನ ನನಗೂ ಗೊತ್ತಿರಲಿಲ್ಲ.

ಏಪ್ರಿಲ್ 14ರ ಸಂಜೆ ಪುಸ್ತಕದ ಮಳಿಗೆಯಲ್ಲಿ ಆ ಪುಸ್ತಕ ಕಂಡಿತು. ಕೊಂಡುಕೊಂಡೆ. ನಿಂತಲ್ಲೇ ತಿರುಗಿಸಿದೆ. "ಧಮರ್" ಎಲ್ಲೂ ಇರಲಿಲ್ಲ, ಪಟ್ಟಿ ಉಪಯೋಗಿಸಿದ್ದರು. ಬ್ರಹ್ಮಗಿರಿಯದು ಲಘು ಶಿಲಾಶಾಸನವೇ ಆಗಿತ್ತು. ಆದರೆ ನಾನು ತಿದ್ದಿ ಕಳಿಸಿದ ಪುಟದಿಂದ ನಾಲ್ಕೇ ಪುಟ ಮುಂದೆ, ಇನ್ನೊಬ್ಬ ಭಿಕ್ಷುಣಿ ಆಜ್ಞೆಯನ್ನು ಸೇರಿದ್ದಳು.

ಅಷ್ಟರಲ್ಲಿ ಅವರೇ ಪಕ್ಕದಲ್ಲಿ ಬಂದು ನಿಂತಿದ್ದರು. "ಹೇಗಿದೆ ಮೇಡಂ?" ಎಂದರು. ಸುತ್ತ ಜನರಿದ್ದರು, ಅವರ ಕೊರಳಲ್ಲಿ ಹಾರವಿತ್ತು. "ಮುಖಪುಟ ಚೆನ್ನಾಗಿದೆ ಸರ್, ನಾಳೆ ಫೋನ್ ಮಾಡ್ತೀನಿ" ಎಂದೆ. ಮಾರನೆಯ ದಿನ ಮಾಡಿ ಆ ಪುಟ ಸಂಖ್ಯೆ ಹೇಳಿದೆ. ಅವರು ಪೆನ್ನು ಹುಡುಕಿ ಬರೆದುಕೊಂಡರು. ಆಮೇಲೆ, "ಎಷ್ಟು ಅಂದಿದ್ರಿ ಆವತ್ತು, ಇಪ್ಪತ್ತು ಸಾವಿರ ಅಲ್ವಾ?" ಎಂದು ಕೇಳಿದರು. ಹೌದು ಸರ್ ಎಂದೆ. ಎರಡನೇ ಮುದ್ರಣದ ಮಾತು ಇನ್ನೂ ಆಗಿಲ್ಲ.

ನಮೋ ಬುದ್ಧಾಯ. ಜೈ ಭೀಮ್.